ಹಿಂದಿನ ಸಾಲು, ಎಡದಿಂದ ಎರಡನೆಯವರು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಫೋಟೊ ಇದೆ. ದಪ್ಪ ರಟ್ಟಿಗೆ ಅಂಟಿಸಿದ, ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಬಿಳುಪು ಚಿತ್ರ. ಇಬ್ಬರು ಗಂಡಸರು ಕುರ್ಚಿಯಲ್ಲಿ ಕುಳಿತಿದ್ದಾರೆ, ಇಬ್ಬರಿಗೂ ರುಮಾಲು. ಹಿಂದೆ ಮೂವರು ಹೆಂಗಸರು ನಿಂತಿದ್ದಾರೆ. ಮುಂದೆ ನೆಲದ ಮೇಲೆ ಒಬ್ಬ ಹುಡುಗಿ, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕುಳಿತಿದ್ದಾಳೆ. ಆ ಹುಡುಗಿ ನಮ್ಮ ಆಯಿ, ನನ್ನ ತಂದೆಯ ತಾಯಿ. ಅವಳ ತವರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಆ ಚಿತ್ರದಲ್ಲಿ ಇದ್ದವರ ಪೈಕಿ ಈಗ ಉಳಿದವಳು ಆಯಿ ಒಬ್ಬಳೇ. ಈ ಒಂದು ಫೋಟೊದ ಹೆಸರು, ಊರು, ವರ್ಷಗಳನ್ನು ಅವಳಿಂದ ಕೇಳಿ ಬರೆದುಕೊಳ್ಳಲು ನನಗೆ ಮೂರು ಮುಂಜಾನೆ ಬೇಕಾದವು. ಹೇಗೆ ಎಂಬುದನ್ನು ಇಂದು ಹೇಳುತ್ತೇನೆ.

ಮೊದಲ ದಿನ ನಾನು ಕೆಲಸವನ್ನು ಕೆಡಿಸಿದೆ. ಫೋಟೊವನ್ನು ಆಯಿಯ ಕೈಗೆ ಕೊಟ್ಟು, ಬಲಗಡೆ ಕುರ್ಚಿಯಲ್ಲಿ ಇದ್ದವರನ್ನು ತೋರಿಸಿ, "ಆಯಿ, ಇವರು ನಿನ್ನ ಅಪ್ಪ ಅಲ್ಲವೇ?" ಎಂದು ಕೇಳಿದೆ. ಆಯಿ ಹೌದು ಎಂದಳು. ನಾನು ಬರೆದುಕೊಂಡೆ. ಮರುದಿನ ಅದೇ ಫೋಟೊ ಇಟ್ಟು, ಏನನ್ನೂ ಸೂಚಿಸದೆ, "ಇವರು ಯಾರು?" ಎಂದಷ್ಟೇ ಕೇಳಿದಾಗ ಅವಳು ಬಹಳ ಹೊತ್ತು ನೋಡಿ, "ಇವರು ನಮ್ಮ ಕಾಕಾ" ಎಂದಳು. ನಿನ್ನೆ ಅಪ್ಪ ಎಂದಿದ್ದೆಯಲ್ಲ ಎಂದರೆ, "ನೀನು ಅಂದೆ, ನಾನು ಹೂಂ ಅಂದೆ" ಎಂದಳು. ಮೊಮ್ಮಗ ಇಷ್ಟು ಆಸೆಯಿಂದ ಕೇಳುವಾಗ ಅಲ್ಲ ಎನ್ನಲು ಹಿರಿಯರಿಗೆ ಮನಸ್ಸು ಬರುವುದಿಲ್ಲ. ಆದ್ದರಿಂದ ಉತ್ತರ ಅಡಗಿರುವ ಪ್ರಶ್ನೆಯನ್ನು ಕೇಳಲೇಬಾರದು. ಯಾರು, ಎಲ್ಲಿ, ಆಗ ಮನೆಯಲ್ಲಿ ಏನು ನಡೆದಿತ್ತು, ಈ ಚಿತ್ರದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು ಎಂದು ಕೇಳಬೇಕು.

ಕಾಕಾ ಎಂದು ಹೇಗೆ ಗುರುತಿಸಿದೆ ಎಂದು ಕೇಳಿದೆ. ಆಯಿ ಮುಖವನ್ನು ಬಿಟ್ಟು ಕೈಯನ್ನು ತೋರಿಸಿದಳು. ಆ ಮನುಷ್ಯನ ಎಡಗೈ ಧೋತರದ ಮಡಿಕೆಯೊಳಗೆ ಸೇರಿಕೊಂಡಿದೆ. ಕಣಿಕೆ ಕತ್ತರಿಸುವಾಗ ಅವರ ಕಿರುಬೆರಳು ಹೋಗಿತ್ತಂತೆ, ಫೋಟೊದಲ್ಲಿ ಕಾಣಬಾರದು ಎಂದು ಕೈಯನ್ನು ಮುಚ್ಚಿಟ್ಟಿದ್ದರಂತೆ. ಅಣ್ಣತಮ್ಮಂದಿರ ಮುಖ ಒಂದೇ ಬಗೆಯಾಗಿರುವಾಗ ಇಂಥ ಗುರುತೇ ಗಟ್ಟಿ. ಹೆಸರಿನ ಜೊತೆಗೆ "ಹೇಗೆ ಗೊತ್ತಾಯಿತು" ಎಂಬ ಉತ್ತರವನ್ನೂ ನಾನು ಅಂದಿನಿಂದ ಬರೆದಿಡುತ್ತಿದ್ದೇನೆ.

ಇನ್ನೊಂದು ತಪ್ಪು ಧ್ವನಿಮುದ್ರಣವನ್ನು ಕೇಳಿದಾಗ ತಿಳಿಯಿತು. ಮೊದಲ ದಿನದ ಮಾತೆಲ್ಲ "ಇವಳು ನಮ್ಮ ದೊಡ್ಡವ್ವ, ಇವಳು ಅವಳ ಸೊಸೆ, ಅಗೋ ಇವಳು..." ಎಂದೇ ಇತ್ತು. ಆಯಿ ಬೆರಳಿಟ್ಟು ತೋರಿಸಿದ್ದಳು, ಬೆರಳು ಮೊಬೈಲ್‌ಗೆ ಕೇಳಿಸುವುದಿಲ್ಲವಲ್ಲ. ಎರಡನೆಯ ದಿನ ಫೋಟೊವನ್ನು ಹಾಳೆಯಷ್ಟು ದೊಡ್ಡದಾಗಿ ಪ್ರತಿ ತೆಗೆಸಿ, ಪ್ರತಿಯ ಮೇಲೆ ಒಂದೊಂದು ಮುಖಕ್ಕೂ ಒಂದೊಂದು ಸಂಖ್ಯೆ ಬರೆದೆ. ಆಯಿಯ ಕಣ್ಣಿಗೂ ಅದು ಅನುಕೂಲವಾಯಿತು. ಅವಳು ಬೆರಳಿಟ್ಟ ಕೂಡಲೇ ನಾನು ಬಾಯಿ ಬಿಟ್ಟು ಹೇಳುತ್ತಿದ್ದೆ: "ಸಂಖ್ಯೆ ನಾಲ್ಕು, ಹಿಂದಿನ ಸಾಲು, ನಾವು ನೋಡುವಾಗ ಎಡದಿಂದ ಎರಡನೆಯವರು." ನಾವು ನೋಡುವಾಗ ಎಂಬ ಮಾತು ಮುಖ್ಯ. ಇಲ್ಲದಿದ್ದರೆ ನಮ್ಮ ಎಡವೋ ಕುಳಿತವರ ಎಡವೋ ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ಪ್ರತಿ ಮುದ್ರಣದ ಆರಂಭದಲ್ಲಿ ಅಂದಿನ ತಾರೀಖು, ಫೋಟೊದ ಸಂಖ್ಯೆ, ಮಾತನಾಡುವವರು ಯಾರು, ಕೇಳುವವರು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಫ್ಯಾನ್ ನಿಲ್ಲಿಸಿ, ಮೊಬೈಲ್‌ಗೆ ಕರೆ ಬಾರದಂತೆ ಮಾಡಿ, ಮಡಿಸಿದ ಟವೆಲ್ ಮೇಲೆ ಇಟ್ಟರೆ ಧ್ವನಿ ಸ್ವಚ್ಛವಾಗಿ ಬರುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಕೂರಿಸುವುದಿಲ್ಲ. ದಣಿದ ಮೇಲೆ ಹೇಳುವ ಹೆಸರುಗಳು ಒಂದರೊಳಗೊಂದು ಸೇರಿಹೋಗುತ್ತವೆ.

ಸಂಖ್ಯೆ ನಾಲ್ಕರ ಹೆಂಗಸಿಗೆ ಎರಡು ಹೆಸರು. ತವರಿನಲ್ಲಿ ಇಟ್ಟ ಹೆಸರು ಒಂದು, ಮದುವೆಯ ದಿನ ಗಂಡನ ಮನೆಯವರು ಇಟ್ಟ ಹೆಸರು ಇನ್ನೊಂದು. ಕಾಗದಪತ್ರಗಳಲ್ಲಿ ಒಂದು ಹೆಸರು, ತವರಿನ ಫೋಟೊದ ಹಿಂದೆ ಇನ್ನೊಂದು ಹೆಸರು ಇದ್ದು, ಒಬ್ಬರೇ ಇಬ್ಬರಾಗಿ ಕಾಣುವುದು ನಮ್ಮ ಕಡೆ ಸಾಮಾನ್ಯ. ಹೆಣ್ಣುಮಕ್ಕಳ ವಿಷಯದಲ್ಲಿ ಎರಡೂ ಹೆಸರುಗಳನ್ನು, ತವರೂರನ್ನು ಕೇಳಿಯೇ ಮುಂದಕ್ಕೆ ಹೋಗಬೇಕು.

ಇನ್ನು ವರ್ಷದ ವಿಷಯ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಹಳೆಯ ಫೋಟೊಗಳಿಗೆ ಅವುಗಳದೇ ಆದ ಲೆಕ್ಕವಿದೆ. ಈ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಕಚೇರಿಯ ವರ್ಷ ಫಸಲಿ. ಆಯಿಯ ಅಪ್ಪ ಉರ್ದು ಓದಿದವರು. ಅವರು ರಟ್ಟಿನ ಹಿಂದೆ ಉರ್ದು ಅಂಕಿಯಲ್ಲಿ ಒಂದು ಇಸವಿ ಬರೆದಿದ್ದಾರೆ. ಪಕ್ಕದ ಮನೆಯಲ್ಲಿರುವ ಉರ್ದು ಶಾಲೆಯ ನಿವೃತ್ತ ಮೇಷ್ಟ್ರಿಗೆ ತೋರಿಸಿದೆ. ಒಂದು, ಮೂರು, ಐದು ಸ್ಪಷ್ಟವಾಗಿದ್ದವು. ಕೊನೆಯ ಅಂಕಿಯ ಮೇಲೆ ಆಲ್ಬಮ್ಮಿನ ಅಂಟು ಒಣಗಿ ಕಪ್ಪು ಕಾಗದ ಕಚ್ಚಿಕೊಂಡಿತ್ತು. ಉರ್ದುವಿನಲ್ಲಿ ಏಳು ಎಂದರೆ ಎರಡು ಗೀಟುಗಳು ಕೆಳಗೆ ಕೂಡುತ್ತವೆ, ಎಂಟು ಎಂದರೆ ಅವೇ ಗೀಟುಗಳು ಮೇಲೆ ಕೂಡುತ್ತವೆ. ನಮಗೆ ಕಂಡದ್ದು ನಡುವಿನ ಎರಡು ಗೀಟುಗಳು ಮಾತ್ರ. 1357 ಇರಬಹುದು, 1358 ಇರಬಹುದು. ಅಂಟನ್ನು ಕೆರೆದರೆ ಬರಹವೇ ಎದ್ದುಬರುತ್ತದೆ, ಹಾಗಾಗಿ ಮುಟ್ಟಲಿಲ್ಲ.

ಅಂಕಿಯ ಪಕ್ಕದಲ್ಲಿ ಒಂದು ಪುಟ್ಟ ಅಕ್ಷರವಿತ್ತು. ಮೇಷ್ಟ್ರು ಅದನ್ನು ನೋಡಿ "ಇದು ಫೆ, ಫಸಲಿ ಎಂದು ಅರ್ಥ" ಎಂದರು. ಆ ಅಕ್ಷರವನ್ನು ಕಾಣದೆ ಹಿಜರಿ ವರ್ಷ ಎಂದುಕೊಂಡಿದ್ದರೆ ಫೋಟೊ 1938 ಅಥವಾ 1939ಕ್ಕೆ ಹೋಗಿಬಿಡುತ್ತಿತ್ತು. ಆಗ ಆಯಿ ಹುಟ್ಟಿಯೇ ಇರಲಿಲ್ಲ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ಅಕ್ಟೋಬರ್ ತಿಂಗಳ ಇಸವಿ ಸಿಗುತ್ತದೆ, ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. ಅಂದರೆ 1357 ಎಂಬುದು 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್ ಆರಂಭದವರೆಗೆ. 1358 ಎಂಬುದು ಅಲ್ಲಿಂದ ಮುಂದಿನ ಒಂದು ವರ್ಷ. ನೋಡಿದರೆ ಒಂದೇ ಅಂಕಿಯ ವ್ಯತ್ಯಾಸ, ಆದರೆ ಆ ಎರಡು ವರ್ಷಗಳ ಗಡಿಯ ಹತ್ತಿರದಲ್ಲೇ 1948ರ ಸೆಪ್ಟೆಂಬರ್ ಇದೆ. ಸೆಪ್ಟೆಂಬರ್ 13ರಂದು ಶುರುವಾದ ಭಾರತ ಸೇನೆಯ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮರು ಶರಣಾಗುವುದರೊಂದಿಗೆ ಮುಗಿಯಿತು. ಒಂದು ಗೀಟಿನ ತುದಿ ಆ ಗಡಿಯ ಆಚೆಗೋ ಈಚೆಗೋ ನಮ್ಮನ್ನು ನಿಲ್ಲಿಸುತ್ತಿತ್ತು.

ಮೂರನೆಯ ಮುಂಜಾನೆ ಆಯಿಯನ್ನು ವರ್ಷ ಕೇಳಲಿಲ್ಲ. ವರ್ಷ ಕೇಳಿದರೆ ಅವಳು "ನನಗೇನು ಗೊತ್ತು" ಎನ್ನುತ್ತಾಳೆ. "ಈ ಫೋಟೊ ತೆಗೆಸಿದ್ದು ನೀವು ಊರು ಬಿಡುವ ಮೊದಲೋ, ಬಂದ ಮೇಲೋ?" ಎಂದು ಕೇಳಿದೆ. ನಿಜಾಮರ ಪರ ನಿಂತ ರಜಾಕಾರರ ಹಾವಳಿಯಲ್ಲಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದ ಅನೇಕ ಮನೆಗಳಲ್ಲಿ ಅವಳದೂ ಒಂದು ಎಂದು ನನಗೆ ಗೊತ್ತಿತ್ತು. ಆಯಿ ತಟ್ಟನೆ ಹೇಳಿದಳು: "ಬಂದ ಮೇಲೆ. ಎಲ್ಲರೂ ಉಳಿದು ಬಂದೆವು ಎಂದು ಅಪ್ಪ ಗುಲಬರ್ಗಾಕ್ಕೆ ಕರೆದುಕೊಂಡು ಹೋಗಿ ತೆಗೆಸಿದರು. ಹಿಂದಿದ್ದ ಪರದೆಗೆ ಬಣ್ಣದ ವಾಸನೆ ಇತ್ತು." ಚಿತ್ರದಲ್ಲಿ ಕಾಣುವ ಕಂಬ, ಮೆಟ್ಟಿಲು, ತೋಟ ಯಾವ ಅರಮನೆಯದೂ ಅಲ್ಲ, ಸ್ಟುಡಿಯೋದ ಪರದೆ ಎಂಬುದೂ ಅದೇ ಮಾತಿನಲ್ಲಿ ಸಿಕ್ಕಿತು.

ಒಂದು ನೆನಪಿನ ಮೇಲೆ ಇಸವಿಯನ್ನು ಕಟ್ಟಬಾರದು ಎಂದು ಇನ್ನೊಂದು ದಾರಿಯಿಂದಲೂ ನೋಡಿದೆ. ತುಟಿ ಮುಚ್ಚಿಕೊಂಡು ಕುಳಿತದ್ದು ಏಕೆ ಎಂದರೆ ಆಯಿ ನಕ್ಕಳು. ಮುಂದಿನ ಎರಡು ಹಾಲುಹಲ್ಲುಗಳು ಬಿದ್ದಿದ್ದವಂತೆ. ಆ ಹಲ್ಲುಗಳು ಸಾಮಾನ್ಯವಾಗಿ ಆರು ಏಳರ ವಯಸ್ಸಿನಲ್ಲಿ ಬೀಳುತ್ತವೆ. ಹಾಗಾದರೆ ಅವಳು ಹುಟ್ಟಿದ್ದು ಯಾವಾಗ? ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದೆ. ಅದನ್ನು ನಂಬುವಂತಿಲ್ಲ, ಆ ಪೀಳಿಗೆಯ ಎಷ್ಟೋ ಮಕ್ಕಳಿಗೆ ಶಾಲೆಗೆ ಸೇರಿಸುವ ದಿನ ಮಾಸ್ತರರೇ ಬರೆದುಕೊಂಡ ತಾರೀಖು ಅದು. ಆದರೆ ಅವಳ ತಾಯಿ ಹೇಳುತ್ತಿದ್ದುದು ಅವಳಿಗೆ ಬಾಯಿಪಾಠವಾಗಿದೆ: ಚಿತ್ರಭಾನು ಸಂವತ್ಸರ, ಶ್ರಾವಣ ಮಾಸ. ಚಿತ್ರಭಾನು 1942ರ ಯುಗಾದಿಯಿಂದ 1943ರ ಯುಗಾದಿಯವರೆಗೆ. ಶ್ರಾವಣ ಎಂದರೆ 1942ರ ಮಳೆಗಾಲ. ಅಲ್ಲಿಂದ ಎಣಿಸಿದರೆ 1358ರ ಫಸಲಿಯಲ್ಲಿ ಅವಳಿಗೆ ಆರು ತುಂಬಿ ಏಳು ನಡೆಯುತ್ತಿತ್ತು. ಹಲ್ಲು ಆರಕ್ಕೆ ಮುಂಚೆಯೂ ಬೀಳಬಹುದು, ಆದ್ದರಿಂದ ಇದೊಂದೇ ಸಾಕ್ಷಿಯಾದರೆ ಸಾಲದು. ಆದರೆ ಊರಿಗೆ ಮರಳಿದ ಮಾತು, ಅಂಟಿನಡಿಯ ಗೀಟುಗಳು, ಬಿದ್ದ ಹಲ್ಲು ಮೂರೂ 1358ರಲ್ಲಿ ಕೂಡುತ್ತವೆ. ನಾನು ಬರೆದದ್ದು ಹೀಗೆ: "1948ರ ಅಕ್ಟೋಬರಿನಿಂದ 1949ರ ಅಕ್ಟೋಬರ್ ಒಳಗೆ. ಕೊನೆಯ ಅಂಕಿ ಅಸ್ಪಷ್ಟ. ಆಧಾರ: ಆಯಿಯ ಮಾತು, ಅಂಕಿಯ ಗೀಟುಗಳು, ಬಿದ್ದ ಹಲ್ಲು." ತಿಳಿಯದ ತಿಂಗಳನ್ನು ಊಹಿಸಿ ತುಂಬಲಿಲ್ಲ. ಫೋಟೊದ ಹಿಂದೆ ಸಂಖ್ಯೆಯನ್ನು ಮಾತ್ರ ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆದೆ. ಬಾಲ್ ಪೆನ್ನಿನ ಒತ್ತಡ ಮುಂಭಾಗದಲ್ಲಿ ಗೀರಾಗಿ ಮೂಡುತ್ತದೆ. ಉಳಿದದ್ದೆಲ್ಲ ವಹಿಯಲ್ಲಿ ಅದೇ ಸಂಖ್ಯೆಯಡಿ ಇದೆ.

ಅದೇ ಮುಂಜಾನೆ ಹಿಂದಿನ ಸಾಲಿನ ಮೂರನೆಯ ಹೆಂಗಸಿನ ಬಳಿಗೆ ಬಂದಾಗ ಆಯಿ ಮೌನವಾದಳು. "ಅದನ್ನು ಬಂದ್ ಮಾಡು" ಎಂದಳು. ಮಾಡಿದೆ. ಆ ವರ್ಷ ಈ ಭಾಗದಲ್ಲಿ ಹಿಂದೂಗಳ ಮನೆಯಲ್ಲೂ ಮುಸಲ್ಮಾನರ ಮನೆಯಲ್ಲೂ ಜನ ಸತ್ತಿದ್ದಾರೆ, ಕೆಲವು ಹೆಸರುಗಳನ್ನು ಹೇಳುವುದಕ್ಕೇ ಹಿರಿಯರಿಗೆ ಕಷ್ಟವಾಗುತ್ತದೆ. ಹಿರಿಯರು ನಿಲ್ಲಿಸು ಎಂದರೆ ನಿಲ್ಲಿಸಬೇಕು, ಗುಟ್ಟಾಗಿ ಮುದ್ರಿಸಬಾರದು. ವಹಿಯಲ್ಲಿ ಆ ಸಂಖ್ಯೆಯ ಮುಂದೆ "ಆಯಿಗೆ ಗೊತ್ತು, ಹೇಳಲು ಇಷ್ಟಪಡಲಿಲ್ಲ" ಎಂದು ಬರೆದಿದ್ದೇನೆ.

ಮುಂದಿನ ಫೋಟೊ ಆಯಿಯ ಮದುವೆಯದು. ಪಕ್ಕದಲ್ಲಿ ನಿಂತವರು ನಮ್ಮ ಮುತ್ಯಾ. ಧ್ವನಿಮುದ್ರಣ ಶುರು ಮಾಡಿ, ಸಂಖ್ಯೆ ಹೇಳಿ, ಇವರು ಯಾರು ಎಂದು ಕೇಳಿದೆ. ಆಯಿ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಕರೆದವಳಲ್ಲ. ಸೆರಗು ಸರಿಪಡಿಸಿಕೊಂಡು ಮೊಬೈಲ್‌ ಅನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಒಡಪು ಹಾಕಿದಳು. ಮಲ್ಲಿಗೆ, ಬೆಳ್ಳಿಯ ಬಟ್ಟಲು, ಬಟ್ಟಲಿನಲ್ಲಿ ಹಾಲು, ಕೊನೆಗೆ ಮುತ್ಯಾನ ಹೆಸರು. ಹಿಂದೆ ಅಡುಗೆಮನೆಯಿಂದ ನಮ್ಮ ಅವ್ವ ನಕ್ಕದ್ದೂ ಅದರಲ್ಲಿ ಕೇಳಿಸುತ್ತದೆ.

ನಮಸ್ಕಾರ.