ಎರಡು ಫೋನು, ಒಂದು ದಾಖಲೆ

ಗೆಳೆಯರೇ, ನನಗಿಂತ ಮೊದಲು ಮಾತನಾಡಿದವರು ತಮ್ಮ ಆ್ಯಪ್ ಆಫ್‌ಲೈನ್ ಇದ್ದು ಮರಳಿದ ಮೇಲೂ ಸರಿಯಾಗಿ ಸಿಂಕ್ ಆಗುತ್ತದೆ ಎಂದು ತೋರಿಸಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರು, ಒಂದು ದಾಖಲೆ ತಿದ್ದಿದರು, ಮತ್ತೆ ನೆಟ್‌ವರ್ಕ್ ಕೊಟ್ಟರು. ಹಸಿರು ಟಿಕ್ ಬಂತು. ನೀವು ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ, ಪಕ್ಕದವರು ನೋಡುತ್ತಿದ್ದರು. ಆದರೆ ಒಂದೇ ಫೋನಿನಲ್ಲಿ ತಿದ್ದುಪಡಿಗಳ ನಡುವೆ ಜಗಳ ಹುಟ್ಟುವುದಿಲ್ಲ. ಅಲ್ಲಿ ಪರೀಕ್ಷೆಯಾದದ್ದು ತಿದ್ದುಪಡಿ ಸರದಿಯಲ್ಲಿ ಕಾದು ಆಮೇಲೆ ಹೊರಟಿತೇ ಎಂಬುದಷ್ಟೇ. ಸಂಘರ್ಷ ನೋಡಬೇಕಾದರೆ ಎರಡು ಫೋನು ಬೇಕು, ಎರಡರಲ್ಲೂ ತಿದ್ದಿದ ಒಂದೇ ದಾಖಲೆ ಬೇಕು.

ಗರ್ಭಿಣಿಯೊಬ್ಬರ ಆರೋಗ್ಯ ದಾಖಲೆ ಎಂದುಕೊಳ್ಳಿ. ಸರ್ವರ್‌ನಲ್ಲಿ ಅದು 7ನೇ ಆವೃತ್ತಿ, ರಕ್ತದೊತ್ತಡ 110/70. ಎರಡೂ ಫೋನುಗಳು ಅದನ್ನು ಇಳಿಸಿಕೊಂಡು ಆಫ್‌ಲೈನ್ ಆಗಿವೆ. ಬೆಳಿಗ್ಗೆ 10ಕ್ಕೆ ಆಶಾ ಕಾರ್ಯಕರ್ತೆ ಮನೆಯವರ ಮೊಬೈಲ್ ಸಂಖ್ಯೆ ಬದಲಿಸುತ್ತಾರೆ. 10:30ಕ್ಕೆ ನರ್ಸ್ ತಮ್ಮ ಫೋನಿನಲ್ಲಿ 150/100 ಎಂದು ಬರೆಯುತ್ತಾರೆ. ನರ್ಸ್ ಫೋನು 11ಕ್ಕೆ ಸಿಂಕ್ ಆಗುತ್ತದೆ, ಆಶಾ ಅವರದು ಸಂಜೆ 4ಕ್ಕೆ. ಆ್ಯಪ್ ಇಡೀ ದಾಖಲೆಯನ್ನು ಕಳುಹಿಸುವಂಥದ್ದಾಗಿ, ಕೊನೆಗೆ ಬಂದದ್ದೇ ಸರಿ ಎಂದು ಸರ್ವರ್ ಒಪ್ಪಿದರೆ ಸಂಜೆ ರಕ್ತದೊತ್ತಡ ಮತ್ತೆ 110/70. ಯಾರೂ ಅದನ್ನು ಹಿಂದಕ್ಕೆ ತಿರುಗಿಸಿಲ್ಲ, ಇಬ್ಬರ ಪರದೆಯಲ್ಲೂ ಹಸಿರು ಟಿಕ್!

ಹಾಗಾದರೆ ತಿದ್ದಿದ ಸಮಯ ನೋಡೋಣ ಎನ್ನುತ್ತೀರಿ. ಆಗ 10:30 ಗೆಲ್ಲುತ್ತದೆ, ಮೊಬೈಲ್ ಸಂಖ್ಯೆ ಮಾಯವಾಗುತ್ತದೆ. ಅಲ್ಲದೆ ಅದು ಯಾರ ಗಡಿಯಾರದ ಸಮಯ? ಆಟದಲ್ಲಿ ಹೊಸ ಲೈಫ್ ಸಿಗಲಿ ಎಂದು ಮನೆಯ ಮಕ್ಕಳು ಫೋನಿನ ತಾರೀಖನ್ನು ಮುಂದಕ್ಕೆ ತಳ್ಳುತ್ತಾರೆ. ಒಂದು ದಿನ ಮುಂದಿರುವ ಫೋನು ಆ ದಿನದ ಪ್ರತಿ ಜಗಳವನ್ನೂ ಗೆಲ್ಲುತ್ತದೆ. ಆದ್ದರಿಂದ ಒಂದು ಫೋನಿನ ತಾರೀಖು ಬದಲಿಸಿ ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ.

ಪ್ರಯೋಗಕ್ಕೆ ಕೈಯಿಂದ ಬಟನ್ ಒತ್ತುತ್ತಾ ಕೂರಬೇಕಿಲ್ಲ. ಆಂಡ್ರಾಯ್ಡ್ 11ರಿಂದೀಚೆಗೆ ಎರಡು ಎಮ್ಯುಲೇಟರ್‌ಗಳನ್ನು ಸ್ಕ್ರಿಪ್ಟ್‌ನಿಂದಲೇ ಆಡಿಸಬಹುದು:

```
adb -s emulator-5554 shell cmd connectivity airplane-mode enable
adb -s emulator-5556 shell cmd connectivity airplane-mode enable
```

ತಿದ್ದಿದ ಮೇಲೆ ಒಂದೊಂದನ್ನೇ `disable` ಮಾಡಿ. ನಂತರ ಇದೇ ಪರೀಕ್ಷೆಯನ್ನು ಸರದಿ ಅದಲುಬದಲು ಮಾಡಿ ನಡೆಸಿ. ಯಾರು ಮೊದಲು ಸಿಂಕ್ ಆದರು ಎಂಬುದರ ಮೇಲೆ ಫಲಿತಾಂಶ ಬದಲಾದರೆ ಅಲ್ಲೇ ದೋಷ ಹುಡುಕಿ. ಪರಿಶೀಲಿಸಬೇಕಾದದ್ದು ಟಿಕ್ ಅನ್ನಲ್ಲ. ಎಲ್ಲ ಸಿಂಕ್ ಮುಗಿದ ಮೇಲೆ ಎರಡು ಫೋನು ಮತ್ತು ಸರ್ವರ್, ಮೂರರಲ್ಲೂ ಒಂದೇ ದಾಖಲೆ ಇದೆಯೇ? ಯಾರಾದರೂ ಬರೆದದ್ದು ಸುಳಿವಿಲ್ಲದೆ ಅಳಿದಿದೆಯೇ? ಮೊದಲನೆಯದನ್ನಷ್ಟೇ ನೋಡಿದರೆ ಸಾಲದು. ಮೂರೂ ಕಡೆ ಒಂದೇ ತಪ್ಪು ಇರಬಹುದು.

ಪ್ರತಿ ತಿದ್ದುಪಡಿಯ ಜೊತೆ ‘ನಾನು 7ನೇ ಆವೃತ್ತಿ ನೋಡಿ ಬರೆದೆ’ ಎಂದು ಫೋನು ಹೇಳಿದರೆ, ಯಾರು ಯಾವ ಅಂಕಣ ಮುಟ್ಟಿದ್ದಾರೆ ಎಂದು ಸರ್ವರ್ ಹೋಲಿಸಿ ಎರಡನ್ನೂ ಸೇರಿಸಬಹುದು. ನಮ್ಮ ಉದಾಹರಣೆ ಅಲ್ಲಿಗೆ ಸರಿಹೋಗುತ್ತದೆ. ಆದರೆ ಈ ಸೇರಿಸುವ ಜಾಣತನಕ್ಕೂ ಒಂದು ಪರೀಕ್ಷೆ ಕೊಡಿ. ರಕ್ತದೊತ್ತಡದ ಮೇಲಿನ ಅಂಕಿ ಒಂದು ಅಂಕಣ, ಕೆಳಗಿನದು ಇನ್ನೊಂದು ಎಂದಿರಲಿ. ಮೂಲದಲ್ಲಿ 120/80. ಒಬ್ಬ ನರ್ಸ್ ಅಳೆದದ್ದು 140/80, ಇನ್ನೊಬ್ಬರು ಅಳೆದದ್ದು 120/90. ಮೇಲಿನದನ್ನು ಒಬ್ಬರು, ಕೆಳಗಿನದನ್ನು ಇನ್ನೊಬ್ಬರು ಬದಲಿಸಿದ್ದಾರೆ, ಸಂಘರ್ಷವೇ ಇಲ್ಲ ಎಂದು ಸರ್ವರ್ ಸೇರಿಸಿದರೆ 140/90. ಯಾರೂ ಅಳೆಯದ ರಕ್ತದೊತ್ತಡ! ಟಿಕ್ ಎಂದಿನಂತೆ ಹಸಿರು. ಒಟ್ಟಿಗೆ ಅರ್ಥವಾಗುವ ಅಂಕಣಗಳನ್ನು ಒಟ್ಟಿಗೇ ಇಡಬೇಕು. ಇನ್ನೂ ಮೇಲೆಂದರೆ, ಪ್ರತಿ ಅಳತೆಯನ್ನೂ ಹಳೆಯದರ ಮೇಲೆ ಬರೆಯದೆ ಹೊಸ ಸಾಲಾಗಿ ಸೇರಿಸಬೇಕು.

ಹೊಸ ಸಾಲು ಎಂದೊಡನೆ ಇನ್ನೊಂದು ಪೇಚು. ಸರ್ವರ್ ಬರೆದುಕೊಂಡಿತು, ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತು. ಫೋನು ಮತ್ತೆ ಕಳುಹಿಸುತ್ತದೆ, ಒಂದೇ ಅಳತೆ ಎರಡು ಸಾಲಾಗುತ್ತದೆ. ಏರೋಪ್ಲೇನ್ ಮೋಡ್‌ನಿಂದ ಇದನ್ನು ಖಚಿತವಾಗಿ ಹುಟ್ಟಿಸಲಾಗದು. ಕೋರಿಕೆಯನ್ನು ದಾಟಿಸಿ ಉತ್ತರವನ್ನು ನುಂಗುವ ಪ್ರಾಕ್ಸಿಯೊಂದನ್ನು ನಡುವೆ ನಿಲ್ಲಿಸಿ. ಸಾಲಿನ ಐಡಿಯನ್ನು ಫೋನೇ ಮೊದಲೇ ಕೊಟ್ಟಿದ್ದು, ಸರ್ವರ್ ಅದನ್ನು ಗುರುತಿಸಿದರೆ ಎರಡನೆಯದು ಸುಮ್ಮನೆ ಬಿದ್ದುಹೋಗುತ್ತದೆ.

ಅಧ್ಯಕ್ಷರ ಚೀಟಿ ಬಂತು, ಎರಡು ನಿಮಿಷವಂತೆ. ಡೇಟಾಬೇಸ್ ರಚನೆಯೇ ಬದಲಾದರೆ ಏನಾಗುತ್ತದೆ ಎಂಬ ವಿಷಯ ಬಿಟ್ಟೆ. ಅಳಿಸುವುದನ್ನು ಮಾತ್ರ ಹೇಳಿಬಿಡುತ್ತೇನೆ. ಒಬ್ಬರು ದಾಖಲೆ ಅಳಿಸಿದಾಗ ‘ಇದು ಅಳಿದಿದೆ’ ಎಂಬ ಗುರುತನ್ನು ಸರ್ವರ್ ಇಟ್ಟುಕೊಳ್ಳುತ್ತದೆ. ಆ ಗುರುತನ್ನು 30 ದಿನಕ್ಕೆ ಗುಡಿಸುವ ವ್ಯವಸ್ಥೆ ಇದ್ದು, 40 ದಿನ ಆಫ್‌ಲೈನ್ ಇದ್ದ ಫೋನು ತಿದ್ದುಪಡಿಯೊಂದಿಗೆ ಮರಳಿದರೆ, ಅಳಿದ ದಾಖಲೆ ಎದ್ದು ಕೂರಬಹುದು. ಪರೀಕ್ಷೆಗಾಗಿ 40 ದಿನ ಕಾಯಬೇಡಿ. ಪರೀಕ್ಷಾ ಸರ್ವರ್‌ನಲ್ಲಿ ಆ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ, 3 ನಿಮಿಷ ಬಿಟ್ಟು ಹಳೆಯ ಫೋನಿಗೆ ನೆಟ್‌ವರ್ಕ್ ಕೊಡಿ. ಉಳಿದ ಪ್ರಶ್ನೆಗಳಿಗೆ ಚಹಾದ ಹೊತ್ತಿನಲ್ಲಿ ಸಿಗುತ್ತೇನೆ.