ಅಣಕಕ್ಕೆ ಉತ್ತರ ಕೊಡುವ ಹೊತ್ತು

ಸಭಿಕರಿಗೆ ನಮಸ್ಕಾರ.

ಒಂದು ಕಂಪನಿಯನ್ನು ಗೇಲಿ ಮಾಡುವ ಮೀಮ್ ಜಾಲತಾಣಗಳಲ್ಲಿ ಹರಿದಾಡತೊಡಗಿದರೆ, ಆ ಕಂಪನಿಯ ಕಚೇರಿಯಲ್ಲಿ ಮೊದಲು ಏಳುವ ಮಾತು ಸಾಮಾನ್ಯವಾಗಿ ‘ಇದನ್ನು ತೆಗೆಸುವುದು ಹೇಗೆ?’ ಎಂಬುದೇ ಆಗಿರುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ. ಇದನ್ನು ಓದಿದವರಲ್ಲಿ ಯಾರಾದರೂ ನಿಜವೆಂದು ನಂಬುವರೇ? ನಂಬದೆಯೂ ಜನ ನಗುತ್ತಿದ್ದಾರೆಂದರೆ, ಯಾವ ನಿಜವನ್ನು ನೆನೆದು ನಗುತ್ತಿದ್ದಾರೆ?

2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ಕಂಪನಿ ಎಲಿ ಲಿಲ್ಲಿಗೆ ಈ ಎರಡೂ ಪ್ರಶ್ನೆಗಳು ಒಟ್ಟಿಗೆ ಎದುರಾದವು. ಆ ವಾರ ಟ್ವಿಟರ್, ತಿಂಗಳಿಗೆ 8 ಡಾಲರ್ ಕೊಟ್ಟವರಿಗೆ ನೀಲಿ ಟಿಕ್ ನೀಡತೊಡಗಿತ್ತು. ಅಲ್ಲಿಯವರೆಗೆ ಆ ಗುರುತನ್ನು ಖಾತೆ ಅಸಲಿ ಎಂಬುದಕ್ಕೆ ಸಾಕ್ಷಿಯೆಂದು ಓದಿ ರೂಢಿಯಾಗಿದ್ದ ಜನರಿಗೆ, ಈಗ ಅದರ ಅರ್ಥ ಬದಲಾಗಿದೆ ಎಂಬುದು ಇನ್ನೂ ತಿಳಿದಿರಲಿಲ್ಲ. ಕಂಪನಿಯ ಅಸಲಿ ಖಾತೆ @LillyPad. ಅಣಕದ ಖಾತೆ @EliLillyandCo. ಹೆಸರು, ಲಾಂಛನ, ನೀಲಿ ಟಿಕ್ ಮೂರನ್ನೂ ಹೊತ್ತಿದ್ದ ನಕಲಿಯೇ ಅಸಲಿಗಿಂತ ಅಸಲಿಯಾಗಿ ಕಾಣುತ್ತಿತ್ತೆಂದರೆ ತಪ್ಪಾಗದು. ಇನ್ನು ಮುಂದೆ ಇನ್ಸುಲಿನ್ ಉಚಿತ ಎಂದು ಅದು ಪ್ರಕಟಿಸಿತು, ಮತ್ತು ಆ ಟ್ವೀಟ್ ಹಲವು ಗಂಟೆಗಳ ಕಾಲ ಅಳಿಯದೆ ಉಳಿಯಿತು.

ಇಲ್ಲಿ ಸುಮ್ಮನಿರುವ ಮಾತೇ ಇರಲಿಲ್ಲ. ಔಷಧವನ್ನು ಅವಲಂಬಿಸಿರುವ ರೋಗಿಯೊಬ್ಬರು ಅದನ್ನು ನಂಬಿ ನಡೆದರೆ ಆಗುವ ಹಾನಿ ನಿಜವಾದದ್ದು. ಅಸಲಿ ಖಾತೆಯಿಂದ ಸ್ಪಷ್ಟನೆ ಬಂದಿತು, ನಕಲಿ ಖಾತೆಯಿಂದ ತಪ್ಪು ಸಂದೇಶ ಪಡೆದವರಲ್ಲಿ ಕಂಪನಿ ಕ್ಷಮೆಯನ್ನೂ ಕೋರಿತು. ವಾಸ್ತವಾಂಶದ ದೃಷ್ಟಿಯಿಂದ ಅದರಲ್ಲಿ ಹುಳುಕಿಲ್ಲ. ಆದರೆ ಓದಿದವರ ಕಿವಿಗೆ ಅದು ‘ಇನ್ಸುಲಿನ್ ಉಚಿತವಲ್ಲ, ಕ್ಷಮಿಸಿ’ ಎಂದು ಕೇಳಿಸಿತು. ಅಲ್ಲಿಂದ ಮಾತು ನಕಲಿ ಖಾತೆಯನ್ನು ಬಿಟ್ಟು ಇನ್ಸುಲಿನ್ ಬೆಲೆಯತ್ತ ಹೊರಳಿತು. ಮರುದಿನ ಕಂಪನಿಯ ಷೇರು ಕುಸಿಯಿತು. ಅದಕ್ಕೆ ಆ ಒಂದು ಟ್ವೀಟೇ ಕಾರಣವೆಂದು ಈಗಲೂ ಹೇಳುವವರಿದ್ದಾರೆ; ಅಂದು ಇತರ ಔಷಧ ಕಂಪನಿಗಳ ಷೇರುಗಳೂ ಇಳಿದಿದ್ದರಿಂದ ಅಷ್ಟು ಖಚಿತವಾಗಿ ಹೇಳಲು ನಾನು ಸಿದ್ಧನಿಲ್ಲ.

ನಕಲಿಯನ್ನು ಅಲ್ಲಗಳೆಯುವುದು ಒಂದು ಕೆಲಸ, ಅಣಕದ ಬುಡದಲ್ಲಿರುವ ದೂರಿಗೆ ಉತ್ತರ ಹೇಳುವುದು ಇನ್ನೊಂದು. ಮೊದಲನೆಯದನ್ನು ಗಂಟೆಗಳೊಳಗೆ ಮಾಡಬೇಕು, ಚುಟುಕಾಗಿ ಮಾಡಬೇಕು, ಅದರಲ್ಲಿ ಹಾಸ್ಯವೂ ಸಲ್ಲದು, ಕೋಪವೂ ಸಲ್ಲದು. ಎರಡನೆಯದನ್ನು ಜಾಲತಾಣ ನೋಡಿಕೊಳ್ಳುವ ಸಿಬ್ಬಂದಿಯ ತಲೆಗೆ ಕಟ್ಟುವಂತಿಲ್ಲ. ಇನ್ಸುಲಿನ್ ಬೆಲೆ ಇಳಿಸುವ ದಿಸೆಯಲ್ಲಿ ಮಾಡಬೇಕಾದ್ದು ಇನ್ನೂ ಇದೆ ಎಂಬುದನ್ನು ಈ ಪ್ರಸಂಗದ ಬಳಿಕ ಕಂಪನಿಯ ಮುಖ್ಯಸ್ಥರೇ ಸಾರ್ವಜನಿಕವಾಗಿ ಒಪ್ಪಿಕೊಂಡರು. 2023ರ ಮಾರ್ಚ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಇನ್ಸುಲಿನ್‌ಗಳ ಬೆಲೆಯನ್ನು ಶೇ. 70ರಷ್ಟು ಇಳಿಸುವುದಾಗಿ ಕಂಪನಿ ಘೋಷಿಸಿತು. ಅದರ ಹಿಂದೆ ವರ್ಷಗಳ ರಾಜಕೀಯ ಒತ್ತಡವಿತ್ತು. ಆ ಕೀರ್ತಿಯನ್ನು ಟ್ವೀಟ್‌ಗೆ ಕೊಡುವುದು ಅತಿಯಾದೀತು.

ಯಾರೂ ನಿಜವೆಂದು ನಂಬದ, ಅಣಕವೆಂದು ಮೇಲ್ನೋಟಕ್ಕೇ ತಿಳಿಯುವ ಮೀಮ್‌ಗಳ ವಿಷಯ ಬೇರೆ. ಅವನ್ನು ಬಲವಂತದಿಂದ ತೆಗೆಸಹೊರಟರೆ ಏನಾಗುತ್ತದೆಂಬುದನ್ನು 2010ರಲ್ಲಿ ನೆಸ್ಲೆ ಕಂಡಿತು. ತಾಳೆ ಎಣ್ಣೆಗಾಗಿ ಕಾಡು ನಾಶವಾಗುತ್ತಿದೆಯೆಂದು ಗ್ರೀನ್‌ಪೀಸ್ ಮಾಡಿದ ಕಿಟ್‌ಕ್ಯಾಟ್ ಅಣಕದ ವಿಡಿಯೊವನ್ನು ಕಂಪನಿ ಯೂಟ್ಯೂಬ್‌ನಿಂದ ತೆಗೆಸಿತು. ತಿದ್ದಿದ ಲಾಂಛನವನ್ನು ತಮ್ಮ ಚಿತ್ರವಾಗಿ ಹಾಕಿಕೊಂಡವರ ಟಿಪ್ಪಣಿಗಳನ್ನು ಅಳಿಸುವುದಾಗಿ ಫೇಸ್‌ಬುಕ್‌ನಲ್ಲಿ ಎಚ್ಚರಿಸಿತು. ತೆಗೆಸಿದ ವಿಡಿಯೊ ಬೇರೆಡೆ ಮತ್ತೆ ಕಾಣಿಸಿಕೊಂಡು, ತೆಗೆಸಿದ್ದೇ ಸುದ್ದಿಯಾಯಿತು. ಕೆಲವೇ ವಾರಗಳಲ್ಲಿ ಕಂಪನಿ ತನ್ನ ಖರೀದಿ ನೀತಿಯನ್ನೇ ಬದಲಿಸಬೇಕಾಯಿತು. ಹಂಚಿಕೊಳ್ಳುತ್ತಿರುವವರೆಲ್ಲ ಒಂದೇ ಬಳಗದವರಾಗಿದ್ದು, ಗ್ರಾಹಕರಿಂದ ‘ಇದು ನಿಜವೇ?’ ಎಂಬ ವಿಚಾರಣೆ ಬರದಿದ್ದರೆ, ಮೌನವೇ ಲೇಸು. ವಿಚಾರಣೆ ಬಂದ ದಿನ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಗ್ರಾಹಕರ ಕರೆಗಳಿಗೆ ಉತ್ತರಿಸುವವರನ್ನು ದಿನವೂ ಕೇಳಿಕೊಳ್ಳುವುದು ಒಳ್ಳೆಯದು.

ನಗುವಿನಲ್ಲಿ ತಾವೂ ಸೇರಿಕೊಳ್ಳುವ ಆಸೆಗೆ ನಾನು ಅಷ್ಟು ಸುಲಭವಾಗಿ ಒಪ್ಪುವವನಲ್ಲ. ಪೊಟ್ಟಣ ಬಿಡಿಸಲು ಕಷ್ಟ, ಜಾಹೀರಾತಿನ ರಾಗ ವಿಚಿತ್ರ ಎಂಬಂಥ ನಿರುಪದ್ರವಿ ಗೇಲಿಗೆ ತಾವೂ ನಗಬಹುದು. ಗೇಲಿಯ ಬುಡದಲ್ಲಿ ಯಾರದಾದರೂ ನೋವಿದ್ದರೆ ಸೇರಿಕೊಳ್ಳುವಂತಿಲ್ಲ, ಹ್ಯಾಷ್‌ಟ್ಯಾಗ್ ಎಲ್ಲಿಂದ ಬಂದಿತೆಂದು ನೋಡದೆಯಂತೂ ಸಲ್ಲವೇ ಸಲ್ಲದು. 2014ರಲ್ಲಿ #WhyIStayed ಎಂಬುದರಡಿ ಕೌಟುಂಬಿಕ ಹಿಂಸೆ ಅನುಭವಿಸಿದ ಮಹಿಳೆಯರು ತಮ್ಮ ಕಥೆ ಹೇಳಿಕೊಳ್ಳುತ್ತಿದ್ದಾಗ, ಡಿಜಿಯಾರ್ನೊ ಎಂಬ ಪಿಜ್ಜಾ ಬ್ರ್ಯಾಂಡ್ ಅದನ್ನೇ ಬಳಸಿ ಪಿಜ್ಜಾದ ನಗೆಚಟಾಕಿ ಹಾರಿಸಿತು. ಕೂಡಲೇ ಅಳಿಸಿದರೂ ಸ್ಕ್ರೀನ್‌ಶಾಟ್‌ಗಳು ಉಳಿದವು. ಬಳಿಕ ಆ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು, ನೊಂದು ಬರೆದವರಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕ್ಷಮೆ ಕೇಳುತ್ತ ಕುಳಿತರು.