ಯಾರೂ ಗುರುತು ಹಾಕದ ಆಯ್ಕೆ

ಕೇಳುಗರಿಗೆ ನಮಸ್ಕಾರ. ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಮುಗಿದು ಅಂಕ ಕೊಟ್ಟಾದ ಮೇಲೆ ಉತ್ತರಪತ್ರಿಕೆಗಳನ್ನು ಕಟ್ಟಿ ಬೀರುವಿಗೆ ಸೇರಿಸುವುದು ವಾಡಿಕೆ. ಕಟ್ಟುವ ಮೊದಲು ಅವುಗಳಿಂದ ಇನ್ನೊಂದು ಲೆಕ್ಕ ತೆಗೆಯಬಹುದು. ಮಕ್ಕಳು ಎಷ್ಟು ತಪ್ಪು ಮಾಡಿದರು ಎಂಬುದಲ್ಲ, ಯಾವ ತಪ್ಪು ಆಯ್ಕೆಗೆ ಎಷ್ಟು ಮಂದಿ ಗುರುತು ಹಾಕಿದರು ಎಂಬುದು.

ನಮ್ಮ ಜಿಲ್ಲೆಯದೇ ಒಂದು ಪ್ರಶ್ನೆ ತೆಗೆದುಕೊಳ್ಳೋಣ. 'ಯಗಚಿ ಯಾವ ನದಿಯ ಉಪನದಿ?' ಆಯ್ಕೆಗಳು ಹೇಮಾವತಿ, ಕಾವೇರಿ, ತುಂಗಾ, ಗಂಗಾ. ಸರಿಯುತ್ತರ ಹೇಮಾವತಿ. ಒಂಬತ್ತನೇ ತರಗತಿಯ ಎರಡು ವಿಭಾಗ ಸೇರಿ 60 ಮಕ್ಕಳು ಬರೆದಿದ್ದಾರೆ ಎಂದಿಟ್ಟುಕೊಳ್ಳಿ.

ಮೊದಲು ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿ. ಮೇಲಿನ ಶೇಕಡಾ 27 ಮತ್ತು ಕೆಳಗಿನ ಶೇಕಡಾ 27, ಅಂದರೆ ಇಲ್ಲಿ 16 ಮತ್ತು 16 ಪತ್ರಿಕೆಗಳನ್ನು ಬೇರೆ ಮಾಡಿ. ನಡುವಿನ 28 ಒಂದು ಕಟ್ಟು. ಪ್ರತಿ ಕಟ್ಟಿನಲ್ಲೂ ಒಂದೊಂದು ಆಯ್ಕೆಗೆ ಎಷ್ಟು ಗುರುತು ಬಿದ್ದಿದೆ ಎಂದು ಗೀಟು ಹಾಕುತ್ತಾ ಹೋಗಿ. ಖಾಲಿ ಬಿಟ್ಟದ್ದನ್ನೂ ಎರಡು ಕಡೆ ಗುರುತು ಹಾಕಿದ್ದನ್ನೂ ಬೇರೆ ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಕೊನೆಗೆ 60 ಕೂಡುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಹೇಮಾವತಿಗೆ 31, ಕಾವೇರಿಗೆ 17, ತುಂಗಾಕ್ಕೆ 12 ಗುರುತು. ಗಂಗಾಕ್ಕೆ ಸೊನ್ನೆ. ಕೆಳಗಿನ 16 ಮಕ್ಕಳಲ್ಲಿ, ಅಂದರೆ ಉತ್ತರ ಗೊತ್ತಿಲ್ಲದೆ ತಡಕಾಡಿದವರೇ ಹೆಚ್ಚಿರುವ ಕಟ್ಟಿನಲ್ಲಿ ಕೂಡ, ಅದನ್ನು ಒಬ್ಬರೂ ಮುಟ್ಟಿಲ್ಲ. ಬರೆದವರಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಮಂದಿ ಆರಿಸಿದ ತಪ್ಪು ಆಯ್ಕೆ ಕೆಲಸ ಮಾಡುತ್ತಿಲ್ಲ ಎನ್ನುವುದು ಈ ಕ್ಷೇತ್ರದಲ್ಲಿ ರೂಢಿಯ ಅಳತೆ. 60 ಮಕ್ಕಳಿಗೆ ಅದು ಮೂರು. ಗಂಗಾ ಆ ಗೆರೆಯ ಕೆಳಗೇ ಉಳಿಯಿತು.

ಅದು ಅಲ್ಲಿದ್ದರೆ ನಷ್ಟವೇನು? ಏನೂ ಓದದ ಹುಡುಗನಿಗೂ ಗಂಗೆ ಉತ್ತರ ಭಾರತದ ನದಿ ಎಂದು ಗೊತ್ತು. ಅದನ್ನು ತಳ್ಳಿಬಿಟ್ಟರೆ ಅವನಿಗೆ ಉಳಿಯುವುದು ಮೂರೇ. ನಾಲ್ಕರಲ್ಲಿ ಒಂದು ಆಗಬೇಕಿದ್ದ ಅದೃಷ್ಟ ಮೂರರಲ್ಲಿ ಒಂದಾಗುತ್ತದೆ. ಇಂಥವೇ 40 ಪ್ರಶ್ನೆಗಳಿದ್ದರೆ ಬರೀ ಊಹೆಯಿಂದ ಸರಾಸರಿ 10 ಸಿಗಬೇಕಾದ ಕಡೆ 13 ಅಂಕ ಸಿಗುತ್ತದೆ. ಪತ್ರಿಕೆಯ ಮೇಲೆ ನಾಲ್ಕು ಆಯ್ಕೆ, ಮಕ್ಕಳ ಲೆಕ್ಕದಲ್ಲಿ ಮೂರು.

ಆದರೆ ಸೊನ್ನೆ ಕಂಡ ಕೂಡಲೇ ಆಯ್ಕೆಯನ್ನು ದೂರಬೇಡಿ. 60ರಲ್ಲಿ 57 ಮಂದಿ ಸರಿಯುತ್ತರ ಬರೆದಿದ್ದರೆ ಉಳಿದದ್ದೇ ಮೂರು ಗುರುತು. ಮೂರು ತಪ್ಪು ಆಯ್ಕೆಗಳೂ ಅದನ್ನೇ ಹಂಚಿಕೊಳ್ಳಬೇಕು. ಅಲ್ಲಿ ಪ್ರಶ್ನೆ ಸುಲಭ, ಅಥವಾ ಪಾಠ ಚೆನ್ನಾಗಿ ಆಗಿದೆ, ಅಷ್ಟೇ. ಹಾಗೆಯೇ 20 ಮಕ್ಕಳ ತರಗತಿಯಲ್ಲಿ ಶೇಕಡಾ 5 ಅಂದರೆ ಒಬ್ಬ. ಆ ಒಬ್ಬ ಅಂದು ಶಾಲೆಗೆ ಬರದಿದ್ದರೂ ತೀರ್ಪು ಬದಲಾಗುತ್ತದೆ. ಸಣ್ಣ ಶಾಲೆಯವರು ಎರಡು ಮೂರು ವರ್ಷದ ಗುರುತುಗಳನ್ನು ಕೂಡಿಸಿ ನೋಡುವುದು ಒಳ್ಳೆಯದು. ನಮ್ಮ ಪ್ರಶ್ನೆಯಲ್ಲಿ 29 ಮಂದಿ ತಪ್ಪಿದ್ದಾರೆ, ಆದರೂ ಗಂಗಾಕ್ಕೆ ಸೊನ್ನೆ. ಹಾಗಾಗಿ ದೋಷ ಆಯ್ಕೆಯದೇ.

ಇನ್ನು ಬದಲಿ ಎಲ್ಲಿಂದ ತರುವುದು? ಮೇಜಿನ ಮುಂದೆ ಕೂತು ಯೋಚಿಸಿದರೆ ಮತ್ತೊಂದು ಗಂಗೆಯೇ ಹುಟ್ಟುತ್ತದೆ. ಮುಂದಿನ ಕಿರುಪರೀಕ್ಷೆಯಲ್ಲಿ ಇದೇ ಪ್ರಶ್ನೆಯನ್ನು ಆಯ್ಕೆ ಕೊಡದೆ ಕೇಳಿ. ಮಕ್ಕಳು ಬರೆಯುವ ತಪ್ಪು ಉತ್ತರಗಳಲ್ಲಿ ಹೆಚ್ಚು ಸಲ ಬಂದದ್ದನ್ನು ಎತ್ತಿಕೊಳ್ಳಿ. ವೇದಾವತಿ ಬಂದರೆ ಆಶ್ಚರ್ಯವಿಲ್ಲ, ಯಗಚಿಯ ಹಾಗೆ ಅದೂ ಬಾಬಾಬುಡನ್‌ಗಿರಿ ಸಾಲಿನಲ್ಲೇ ಹುಟ್ಟುವ ನದಿ. ಹುಟ್ಟುವ ಜಾಗ ನೆನಪಿದ್ದು ಸೇರುವ ನದಿ ಮರೆತವರು ಅದಕ್ಕೆ ಬೀಳುತ್ತಾರೆ.

ಬದಲಿ ಸಿಗದಿದ್ದರೆ? ಎಸ್ಎಸ್ಎಲ್‌ಸಿ ಮಾದರಿಯೆಂದು ನಾಲ್ಕು ಆಯ್ಕೆ ಇರಲೇಬೇಕಾದ ಕಡೆ ಬಿಟ್ಟರೆ, ಶಾಲೆಯ ಸ್ವಂತ ಪರೀಕ್ಷೆಯಲ್ಲಿ ಗಂಗಾವನ್ನು ಹೊಡೆದುಹಾಕಿ ಮೂರೇ ಇಡಿ. ಯಾರೂ ಆರಿಸದ್ದನ್ನು ತೆಗೆದರೆ ಯಾರ ಅಂಕವೂ ಬದಲಾಗದು. ನನ್ನ ಮಟ್ಟಿಗೆ ಜೀವವಿಲ್ಲದ ನಾಲ್ಕನೆಯದಕ್ಕಿಂತ ಇದೇ ವಾಸಿ.

ಗೀಟು ಎಣಿಸುವಾಗ ಕಾವೇರಿಯನ್ನೂ ಒಮ್ಮೆ ನೋಡಿ. ಇಲ್ಲಿ ಮೇಲಿನ 16 ಮಂದಿಯಲ್ಲಿ ಇಬ್ಬರು, ಕೆಳಗಿನವರಲ್ಲಿ ಐವರು ಅದಕ್ಕೆ ಬಿದ್ದಿದ್ದಾರೆ. ಇದು ಸರಿಯಾದ ದಿಕ್ಕು. ಈ ಸಂಖ್ಯೆಗಳು ಅದಲುಬದಲಾಗಿದ್ದರೆ, 'ಯಗಚಿ ನೀರು ಹೇಮಾವತಿಯ ಮೂಲಕ ಕಾವೇರಿಗೇ ಹೋಗುತ್ತದಲ್ಲ' ಎಂದು ಜಾಣ ಮಕ್ಕಳು ಯೋಚಿಸಿದ್ದಾರೆ ಎಂದರ್ಥ. ಆಗ ತಿದ್ದಬೇಕಾದದ್ದು ಪ್ರಶ್ನೆಯ ಮಾತು. 'ನೇರವಾಗಿ ಯಾವ ನದಿಯನ್ನು ಸೇರುತ್ತದೆ' ಎಂದು ಬರೆಯಿರಿ.

ತಿದ್ದಿದ ಪ್ರಶ್ನೆಯನ್ನು ಹೊಸ ಪ್ರಶ್ನೆ ಎಂದೇ ಲೆಕ್ಕಕ್ಕೆ ಹಿಡಿಯಿರಿ. ವೇದಾವತಿ ಬಂದ ಮೇಲೆ ಸರಿಯುತ್ತರ ಬರೆಯುವವರು ಕಡಿಮೆಯಾಗಬಹುದು. ಅದನ್ನು ಹೋದ ವರ್ಷದ 31ರ ಜೊತೆ ಹೋಲಿಸಿ ಈ ಸಲದ ಮಕ್ಕಳು ದಡ್ಡರು ಅನ್ನಬೇಡಿ. ಪ್ರಶ್ನೆಯ ಪಕ್ಕದಲ್ಲೇ ತಿದ್ದಿದ ತಾರೀಖು, ತೆಗೆದ ಆಯ್ಕೆ, ಸೇರಿಸಿದ ಆಯ್ಕೆ ಬರೆದಿಟ್ಟು, ಮುಂದಿನ ಪರೀಕ್ಷೆಯಾದ ಮೇಲೆ ಮತ್ತೆ ಗೀಟು ಎಣಿಸಿ. ನಮಸ್ಕಾರ.